ಗೂಗಲ್‌ನಲ್ಲಿ ಜನ ಕೇಳುವ ಪ್ರಶ್ನೆಗೆ ನಿಮ್ಮ ಪುಟದ ಉತ್ತರ ಸಿಗುವಂತೆ ಬರೆಯುವುದು ಹೇಗೆ?

ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆ ಹೋಂಸ್ಟೇ ನಡೆಸುವವರು, ಟ್ಯಾಕ್ಸಿ ಓಡಿಸುವವರು, ಊರಿನ ಬಗ್ಗೆ ಬರೆಯುವವರು ನನ್ನನ್ನು ಪದೇ ಪದೇ ಕೇಳುವ ಮಾತು ಒಂದೇ. "ಗೂಗಲ್‌ನಲ್ಲಿ ಪ್ರಶ್ನೆ ಕೇಳಿದರೆ ಕೆಳಗೆ ಒಂದು ಪೆಟ್ಟಿಗೆ ಬರುತ್ತದಲ್ಲ, ಅದರಲ್ಲಿ ನಮ್ಮ ಪುಟದ ಉತ್ತರ ಬರಬೇಕಾದರೆ ಏನು ಮಾಡಬೇಕು?" ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿ ಹುಡುಕುವವರಿಗೂ ಅದೇ ಉತ್ತರ ಸಿಗುತ್ತದಾ ಅನ್ನುವುದು ಅದರ ಹಿಂದೆಯೇ ಬರುವ ಪ್ರಶ್ನೆ. ಈ ಲೇಖನದಲ್ಲಿ ಒಂದೇ ಒಂದು ಪ್ರಶ್ನೆಯನ್ನು ಹಿಡಿದುಕೊಂಡು, ಅದನ್ನು ಆರಿಸುವುದರಿಂದ ಹಿಡಿದು ಫಲಿತಾಂಶ ನೋಡುವವರೆಗೆ ಮಾಡಿ ತೋರಿಸುತ್ತೇನೆ. ಪ್ರಶ್ನೆ, ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ ಬೇಸಿಗೆಯಲ್ಲಿ ಮತ್ತೆ ಮೇಲೇಳುವ ಹಾಸನದ ನಮ್ಮ ಶೆಟ್ಟಿಹಳ್ಳಿ ಚರ್ಚ್‌ನದ್ದು.

ಮೊದಲು ಎರಡು ಪದ. ಪೀಪಲ್ ಆಲ್ಸೋ ಆಸ್ಕ್ ಪೆಟ್ಟಿಗೆ ಅಂದರೆ ಹುಡುಕಾಟದ ಫಲಿತಾಂಶಗಳ ನಡುವೆ ಬರುವ ಪ್ರಶ್ನೆಗಳ ಸಾಲು. ಒಂದು ಪ್ರಶ್ನೆ ಒತ್ತಿದರೆ ಅದು ಬಿಚ್ಚಿಕೊಂಡು, ಸಾಮಾನ್ಯವಾಗಿ ಯಾವುದೋ ಪುಟದಿಂದ ಎತ್ತಿದ ಎರಡು ಮೂರು ವಾಕ್ಯ ಮತ್ತು ಆ ಪುಟದ ಲಿಂಕ್ ಕಾಣಿಸುತ್ತದೆ. ವಾಯ್ಸ್ ಸರ್ಚ್ ಅಂದರೆ ಬೆರಳಚ್ಚು ಮಾಡದೆ ಬಾಯಲ್ಲಿ ಹೇಳಿ ಹುಡುಕುವುದು. ಗೂಗಲ್‌ನಲ್ಲಿ ಕನ್ನಡದಲ್ಲಿ ಮಾತಾಡಿ ಹುಡುಕುವ ಸೌಲಭ್ಯ 2017ರಿಂದ ಇದೆ. ಕೆಲವು ಸಲ ಫೋನ್ ಉತ್ತರವನ್ನು ಓದಿ ಹೇಳುತ್ತದೆ. ಹೆಚ್ಚಿನ ಸಲ ಮಾತು ಅಕ್ಷರವಾಗಿ, ಮಾಮೂಲಿ ಫಲಿತಾಂಶಗಳ ಪಟ್ಟಿಯೇ ಬರುತ್ತದೆ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಬರೆಯಬೇಕಾಗಿಲ್ಲ.

ಒಂದು ವಿಷಯ ಈಗಲೇ ತಿಳಿದಿರಲಿ. ಯಾವ ಉತ್ತರ ಎತ್ತಬೇಕು ಅನ್ನುವುದನ್ನು ಗೂಗಲ್ ತಾನೇ ತೀರ್ಮಾನಿಸುತ್ತದೆ. "ನನ್ನ ಪುಟವನ್ನೇ ತಗೊ" ಅಂತ ಹೇಳುವ ಕೋಡ್ ಯಾವುದೂ ಇಲ್ಲ. ಹಣ ಕೊಟ್ಟರೆ ಪೆಟ್ಟಿಗೆಯಲ್ಲಿ ಖಂಡಿತ ತರಿಸುತ್ತೇವೆ ಅನ್ನುವವರನ್ನು ನಂಬಬೇಡಿ.

ಬೇಕಾಗುವುದು ಇಷ್ಟು: ಒಂದು ಸಣ್ಣ ನೋಟ್‌ಬುಕ್, ಒಂದು ಆಂಡ್ರಾಯ್ಡ್ ಫೋನ್, ನಿಮ್ಮ ಪುಟವನ್ನು ತಿದ್ದುವ ಅವಕಾಶ ಮತ್ತು ಸರ್ಚ್ ಕನ್ಸೋಲ್ ಖಾತೆ. ಸರ್ಚ್ ಕನ್ಸೋಲ್ ಗೂಗಲ್ ಕೊಡುವ ಉಚಿತ ಸಾಧನ. ಜನ ಏನು ಹುಡುಕಿದಾಗ ನಿಮ್ಮ ಪುಟ ಕಾಣಿಸಿತು ಅನ್ನುವ ಲೆಕ್ಕ ಅದರಲ್ಲಿ ಸಿಗುತ್ತದೆ.

1. ಪ್ರಶ್ನೆಯನ್ನು ಜನರ ಬಾಯಿಂದಲೇ ಎತ್ತಿಕೊಳ್ಳಿ

ಕೂತಲ್ಲೇ ಪ್ರಶ್ನೆ ಹುಟ್ಟಿಸಬೇಡಿ. ಎರಡು ವಾರ ನಿಮಗೆ ಬರುವ ಫೋನ್ ಕರೆ, ವಾಟ್ಸಾಪ್ ಸಂದೇಶಗಳನ್ನು ಗಮನಿಸಿ. ಕೇಳಿದ್ದನ್ನು ಕೇಳಿದ ಹಾಗೆಯೇ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ, ತಿದ್ದಬೇಡಿ. ಗೊರೂರು ಕಡೆ ಹೋಂಸ್ಟೇ ಇದ್ದರೆ ಹೀಗೆ ಬರುತ್ತವೆ: "ಶೆಟ್ಟಿಹಳ್ಳಿ ಚರ್ಚಲ್ಲಿ ಈಗ ನೀರಿದ್ಯಾ?", "ಯಾವ ಟೈಮಲ್ಲಿ ಬಂದ್ರೆ ಮುಳುಗಿರೋದು ನೋಡ್ಬಹುದು?", "ಹಾಸನದಿಂದ ಎಷ್ಟ್ ದೂರ?", "ಕಾರು ಹತ್ರದ ತನಕ ಹೋಗುತ್ತಾ?"

ಆಮೇಲೆ ಗೂಗಲ್‌ನಲ್ಲಿ ಅದೇ ಪ್ರಶ್ನೆ ಹಾಕಿ ನೋಡಿ. ಕನ್ನಡ ಅಕ್ಷರದಲ್ಲಿ ಒಂದು ಸಲ, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಲ, ಇಂಗ್ಲಿಷ್‌ನಲ್ಲಿ ಒಂದು ಸಲ, ಮೈಕ್‌ನಲ್ಲಿ ಹೇಳಿ ಒಂದು ಸಲ. ಕನ್ನಡದಲ್ಲಿ ಪೆಟ್ಟಿಗೆ ಪ್ರತಿ ಸಲ ಬರುವುದಿಲ್ಲ. ಇಂಗ್ಲಿಷ್‌ನಲ್ಲಿ ಬಂದ ಪ್ರಶ್ನೆಗಳನ್ನು ನೋಡಿ, ಅವುಗಳಲ್ಲಿ ಯಾವುದನ್ನು ನಮ್ಮ ಜನ ನಿಮ್ಮ ಹತ್ತಿರ ಕೇಳಿದ್ದಾರೆ ಅಂತ ನೋಟ್‌ಬುಕ್ ಜೊತೆ ತಾಳೆ ಹಾಕಿ. ಇಂಗ್ಲಿಷ್ ಪ್ರಶ್ನೆಗಳನ್ನು ಸುಮ್ನೆ ಕನ್ನಡಕ್ಕೆ ಇಳಿಸಿ ಹಾಕುವುದು ಬೇಡ. ಹಾಗೆ ಇಳಿಸಿದ ಪ್ರಶ್ನೆಯನ್ನು ಯಾರೂ ಬಾಯಲ್ಲಿ ಕೇಳುವುದಿಲ್ಲ.

ನಿಮ್ಮ ಪುಟ ಈಗಾಗಲೇ ಸ್ವಲ್ಪ ಓಡುತ್ತಿದ್ದರೆ ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿಗೆ ಹೋಗಿ. ಜನ ಹುಡುಕಿದ ಮಾತುಗಳನ್ನು ಸೋಸುವ ಕ್ವೆರಿ ಫಿಲ್ಟರ್‌ನಲ್ಲಿ ಕಸ್ಟಮ್ ರಿಜೆಕ್ಸ್ ಆರಿಸಿ. ರಿಜೆಕ್ಸ್ ಅಂದರೆ "ಈ ಪದಗಳಲ್ಲಿ ಯಾವುದಾದರೂ ಒಂದು ಇದ್ದರೆ ತೋರಿಸು" ಅಂತ ಹೇಳುವ ಒಂದು ಬರವಣಿಗೆಯ ರೀತಿ. ಅದರಲ್ಲಿ ಇದನ್ನು ಅಂಟಿಸಿ:

```
ಯಾವಾಗ|ಎಷ್ಟು|ಎಲ್ಲಿ|ಹೇಗೆ|ಯಾವ|yavaga|eshtu|hege
```

ಸಣ್ಣ ಪುಟಗಳಿಗೆ ಇಲ್ಲಿ ಜಾಸ್ತಿ ಏನೂ ಸಿಗದಿರಬಹುದು. ತೀರಾ ಕಡಿಮೆ ಜನ ಹುಡುಕಿದ ಮಾತುಗಳನ್ನು ಗೂಗಲ್ ಈ ವರದಿಯಲ್ಲಿ ತೋರಿಸುವುದಿಲ್ಲ. ಅದಕ್ಕೇ ನಾನು ನೋಟ್‌ಬುಕ್ ಅನ್ನು ಮೊದಲು ಹೇಳಿದ್ದು.

ಈಗ ಆಯ್ಕೆ. ಜಾಸ್ತಿ ಜನ ಕೇಳುವುದು "ಈಗ ನೀರಿದ್ಯಾ?" ಅಂತ. ಆದರೆ "ಈಗ" ಅನ್ನುವ ಪ್ರಶ್ನೆಗೆ ಒಂದು ಸಲ ಬರೆದಿಟ್ಟ ಪುಟ ಉತ್ತರ ಕೊಡಲಾರದು. ಇವತ್ತು ಬರೆದದ್ದು ಮುಂದಿನ ತಿಂಗಳು ಸುಳ್ಳಾಗುತ್ತದೆ. ಹಾಗಂತ ಅದನ್ನು ಬಿಡಬೇಕಾಗಿಲ್ಲ. ಕೇಳುವವರಿಗೆ ನಿಜವಾಗಿ ಬೇಕಾದದ್ದು ಯಾವ ತಿಂಗಳು ಬರಬೇಕು ಅನ್ನುವುದು. ಆ ರೂಪಕ್ಕೆ ತಿರುಗಿಸಿದರೆ ಪ್ರತಿ ವರ್ಷವೂ ನಿಲ್ಲುವ ಉತ್ತರ ಬರೆಯಬಹುದು. ಬೆಲೆ, ಟಿಕೆಟ್ ದರ, ಬಸ್ ಸಮಯದ ಪ್ರಶ್ನೆಗಳನ್ನೂ ಇದೇ ತಕ್ಕಡಿಯಲ್ಲಿ ತೂಗಿ. ಬದಲಾದಾಗ ಪುಟವನ್ನು ನೀವೇ ತಿದ್ದುತ್ತೀರಿ ಅನ್ನುವ ಖಾತ್ರಿ ಇದ್ದರೆ ಮಾತ್ರ ಹಾಕಿ.

2. ಪ್ರಶ್ನೆಯನ್ನು ತಲೆಬರಹ ಮಾಡಿ

ನಾನು ನೋಡಿದ ಪುಟಗಳಲ್ಲಿ ತಲೆಬರಹ ಸಾಮಾನ್ಯವಾಗಿ ಹೀಗಿರುತ್ತದೆ: "ಶೆಟ್ಟಿಹಳ್ಳಿ ಚರ್ಚ್: ಭೇಟಿಗೆ ಸೂಕ್ತ ಕಾಲಾವಧಿ". ಇದು ಪಠ್ಯಪುಸ್ತಕದ ಮಾತು. ಫೋನ್ ಹಿಡಿದು ಯಾರೂ "ಸೂಕ್ತ ಕಾಲಾವಧಿ" ಅನ್ನುವುದಿಲ್ಲ. "ಜಲಾವೃತ" ಅನ್ನುವುದೂ ಇಲ್ಲ, "ಮುಳುಗಿರುತ್ತೆ" ಅನ್ನುತ್ತಾರೆ. ಹಾಗಾದರೆ ತಲೆಬರಹವನ್ನು ಪೂರ್ತಿ ಆಡುಮಾತಿನಲ್ಲಿ, "ಯಾವ ತಿಂಗ್ಳಲ್ಲಿ ಮುಳುಗಿರುತ್ತೆ" ಅಂತ ಬರೆಯಬೇಕಾ? ಬೇಡ. ಆಡುಮಾತು ಹಾಸನದಲ್ಲಿ ಒಂದು ಥರ, ಧಾರವಾಡದಲ್ಲಿ ಇನ್ನೊಂದು ಥರ. ಪದಗಳು ಬಾಯಿಮಾತಿನವು ಇರಲಿ, ಕ್ರಿಯಾಪದದ ಕೊನೆ ಮಾತ್ರ ಎಲ್ಲರೂ ಓದುವ ಬರಹದ ರೂಪದಲ್ಲಿರಲಿ.

ಎರಡನೆಯದು ಊರಿನ ಹೆಸರು. ಕರ್ನಾಟಕದಲ್ಲಿ ಶೆಟ್ಟಿಹಳ್ಳಿ ಒಂದೇ ಅಲ್ಲ. ಶಿವಮೊಗ್ಗದ ಹತ್ತಿರ ಶೆಟ್ಟಿಹಳ್ಳಿ ಅಭಯಾರಣ್ಯವೇ ಇದೆ. ಆದ್ದರಿಂದ ಜಿಲ್ಲೆಯ ಹೆಸರು ತಲೆಬರಹದಲ್ಲೇ ಬರಬೇಕು. ಕೊನೆಗೆ ನಿಂತ ರೂಪ ಇದು:

"ಹಾಸನದ ಶೆಟ್ಟಿಹಳ್ಳಿ ಚರ್ಚ್ ಯಾವ ತಿಂಗಳಲ್ಲಿ ಮುಳುಗಿರುತ್ತದೆ?"

ಒಂದು ತಲೆಬರಹಕ್ಕೆ ಒಂದೇ ಪ್ರಶ್ನೆ. "ಯಾವಾಗ ಮುಳುಗುತ್ತದೆ, ಹೇಗೆ ಹೋಗುವುದು, ಎಷ್ಟು ದೂರ?" ಅಂತ ಮೂರನ್ನು ಕಟ್ಟಿದರೆ ಯಾವುದಕ್ಕೂ ಚಿಕ್ಕ ಉತ್ತರ ಬರೆಯಲಾಗುವುದಿಲ್ಲ. ಒಂದೇ ಪ್ರಶ್ನೆಯನ್ನು ಪದ ಬದಲಿಸಿ ಮೂರು ತಲೆಬರಹ ಮಾಡುವುದು ಇನ್ನೊಂದು ತಪ್ಪು. "ಯಾವಾಗ ಮುಳುಗುತ್ತದೆ" ಮತ್ತು "ಯಾವ ತಿಂಗಳಲ್ಲಿ ಮುಳುಗಿರುತ್ತದೆ" ಒಂದೇ ಪ್ರಶ್ನೆ. ಅಷ್ಟು ವ್ಯತ್ಯಾಸ ಗೂಗಲ್‌ಗೆ ಅರ್ಥವಾಗುತ್ತದೆ, ಓದುವವರಿಗೆ ಮಾತ್ರ ಬೇಸರವಾಗುತ್ತದೆ.

ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವವರಿಗಾಗಿ ತಲೆಬರಹವನ್ನು ಮತ್ತೊಮ್ಮೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಡಿ. ಪುಟದ ವಿಳಾಸದಲ್ಲಿ `shettihalli-church` ಅಂತ ಇದ್ದರೆ ಸಾಕು.

3. ಉತ್ತರ ಬರೆಯಿರಿ (ಇಲ್ಲಿಗೆ ಜಾಸ್ತಿ ಸಮಯ ಕೊಡಿ)

ತಲೆಬರಹದ ಕೆಳಗೆ ನೇರವಾಗಿ ಉತ್ತರ ಬರಬೇಕು. ಮಧ್ಯೆ ಪೀಠಿಕೆ ಬೇಡ, ಫೋಟೋ ಬೇಡ. ಮಾಮೂಲಿಯಾಗಿ ಬರುವ ಮೊದಲ ಕರಡು ಹೇಗಿರುತ್ತದೆ ನೋಡಿ:

"ಹೇಮಾವತಿ ನದಿಯ ದಡದಲ್ಲಿ ನಿಂತಿರುವ ಈ ಸುಂದರ ಚರ್ಚ್, ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರಿಗೆ ಸಿಲುಕಿ, ಮಳೆಗಾಲದಲ್ಲಿ ಮುಳುಗಿ, ಬೇಸಿಗೆಯಲ್ಲಿ ಮತ್ತೆ ಮೇಲೆದ್ದು, ಪ್ರವಾಸಿಗರನ್ನು ಕೈಬೀಸಿ ಕರೆಯುತ್ತದೆ."

ಓದಲು ಚೆನ್ನಾಗಿದೆ, ಅಲ್ವಾ? ಆದರೆ ಕೇಳಿದ್ದು ತಿಂಗಳು. ಇಡೀ ವಾಕ್ಯದಲ್ಲಿ ಒಂದು ತಿಂಗಳ ಹೆಸರೂ ಇಲ್ಲ. ಇನ್ನೊಂದು ತೊಂದರೆ ಕನ್ನಡದ ವಾಕ್ಯದ ಕಟ್ಟಿಗೆ ಸೇರಿದ್ದು. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಸಿಲುಕಿ, ಮುಳುಗಿ, ಎದ್ದು ಅಂತ ಎಳೆಯುತ್ತಾ ಹೋದರೆ ಕೇಳುವವರು ಕೊನೆಯವರೆಗೂ ಕಾಯಬೇಕು. ಕಣ್ಣಿಂದ ಓದುವಾಗ ಹಿಂದೆ ಹೋಗಿ ನೋಡಬಹುದು, ಕಿವಿಯಿಂದ ಕೇಳುವಾಗ ಆಗುವುದಿಲ್ಲ.

ಎರಡನೇ ಕರಡಿನಲ್ಲಿ ಹೀಗೆ ಬರೆದೆವು ಅನ್ನಿ: "ಇದು ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರ್‌ವರೆಗೆ ಮುಳುಗಿರುತ್ತದೆ. ಮೇಲೆ ಹೇಳಿದಂತೆ ಉಳಿದ ಸಮಯದಲ್ಲಿ ನೀರು ಇರುವುದಿಲ್ಲ." ಈಗ ತಿಂಗಳು ಬಂತು. ಆದರೆ ಈ ಎರಡು ಸಾಲನ್ನು ಗೂಗಲ್ ಎತ್ತಿ ಬೇರೆ ಕಡೆ ಇಟ್ಟರೆ "ಇದು" ಯಾವುದು? "ಮೇಲೆ" ಎಲ್ಲಿದೆ? ಉತ್ತರ ನಿಮ್ಮ ಪುಟದಿಂದ ಕಿತ್ತುಕೊಂಡು ಹೋದ ಮೇಲೂ ತನ್ನ ಕಾಲ ಮೇಲೆ ನಿಲ್ಲಬೇಕು. ಆದ್ದರಿಂದ ಮೊದಲ ವಾಕ್ಯದಲ್ಲಿ ಹೆಸರನ್ನು ಪೂರ್ತಿ ಹೇಳಿ. "ಇದು", "ಇಲ್ಲಿ", "ನಮ್ಮಲ್ಲಿ", "ಈ ವರ್ಷ" ಇವುಗಳನ್ನು ಹೊಡೆದು ಹಾಕಿ. ವರ್ಷ ಹೇಳಲೇಬೇಕಾದರೆ ಅಂಕಿಯಲ್ಲಿ ಹೇಳಿ.

ತಿದ್ದಿದ ಮೇಲೆ ನಿಂತ ಉತ್ತರ:

"ಹಾಸನದ ಶೆಟ್ಟಿಹಳ್ಳಿ ಚರ್ಚ್ ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರ್‌ವರೆಗೆ ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿರುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ನೀರು ಇಳಿದಿರುತ್ತದೆ, ಗೋಡೆಯ ಹತ್ತಿರದವರೆಗೆ ನಡೆದು ಹೋಗಬಹುದು. ಮಳೆ ಮತ್ತು ಗೊರೂರು ಅಣೆಕಟ್ಟೆಯ ನೀರಿನ ಮಟ್ಟದ ಮೇಲೆ ಈ ತಿಂಗಳುಗಳು ಸ್ವಲ್ಪ ಹಿಂದೆ ಮುಂದೆ ಆಗುತ್ತವೆ."

ಮೂರು ವಾಕ್ಯ, 31 ಪದ. ಮೊದಲ ವಾಕ್ಯ ಕೇಳಿದ್ದಕ್ಕೆ ಉತ್ತರ. ಅಲ್ಲಿಗೇ ಕತ್ತರಿಸಿದರೂ ಕೇಳಿದವರಿಗೆ ಕೆಲಸ ಆಗುತ್ತದೆ. ಎರಡನೆಯದು ಅದರ ಇನ್ನೊಂದು ಮುಖ. ಮೂರನೆಯದು ಎಚ್ಚರಿಕೆ. ಈ ಕ್ರಮ ಮುಖ್ಯ. ಎಷ್ಟೋ ಜನ ಎಚ್ಚರಿಕೆಯನ್ನು ಮೊದಲು ಬರೆದುಬಿಡುತ್ತಾರೆ: "ಇದು ಮಳೆಯನ್ನು ಅವಲಂಬಿಸಿದ್ದು, ಖಚಿತವಾಗಿ ಹೇಳಲಾಗದು." ಹಾಗೆ ಶುರುವಾದ ಉತ್ತರದಲ್ಲಿ ಎತ್ತಿಕೊಳ್ಳಲು ಏನೂ ಇರುವುದಿಲ್ಲ. "ಸಾಮಾನ್ಯವಾಗಿ" ಅನ್ನುವ ಒಂದೇ ಪದ ಆ ಕೆಲಸ ಮಾಡುತ್ತದೆ. ಅದನ್ನು ಮಾತ್ರ ತೆಗೆಯಬೇಡಿ. ತೆಗೆದರೆ ಉತ್ತರ ಗಟ್ಟಿಯಾಗಿ ಕೇಳಿಸುತ್ತದೆ, ಆದರೆ ಮಳೆ ತಡವಾದ ವರ್ಷ ಬೆಂಗಳೂರಿನಿಂದ ಬಂದವರಿಗೆ ಮೋಸವಾಗುತ್ತದೆ.

ಜೂನ್ ಮತ್ತು ನವೆಂಬರ್ ಎಲ್ಲಿ ಹೋದವು ಅಂತ ಕೇಳುತ್ತೀರಿ. ಅವು ನೀರು ಏರುವ, ಇಳಿಯುವ ತಿಂಗಳು. ಒಂದು ವರ್ಷ ಇದ್ದ ಹಾಗೆ ಇನ್ನೊಂದು ವರ್ಷ ಇರುವುದಿಲ್ಲ. ಚಿಕ್ಕ ಉತ್ತರದಲ್ಲಿ ತುರುಕಿದರೆ ಗೊಂದಲ. ಅವು ಕೆಳಗಿನ ವಿವರಕ್ಕೆ ಸೇರುತ್ತವೆ.

ಉದ್ದದ ಬಗ್ಗೆ ಒಂದು ಮಾತು. 40ರಿಂದ 60 ಪದ ಅನ್ನುವ ಸಲಹೆಯನ್ನು ನೀವು ಓದಿರಬಹುದು. ಅದು ಇಂಗ್ಲಿಷ್ ಬರಹದ ಲೆಕ್ಕ, ಗೂಗಲ್ ಹೇಳಿದ ನಿಯಮವಲ್ಲ. ಕನ್ನಡದಲ್ಲಿ "ಹಿನ್ನೀರಿನಲ್ಲಿ", "ಅಕ್ಟೋಬರ್‌ವರೆಗೆ" ಇಂಥ ಒಂದು ಪದವೇ ಇಂಗ್ಲಿಷ್‌ನ ಎರಡು ಮೂರು ಪದದ ಕೆಲಸ ಮಾಡುತ್ತದೆ. ಹಾಗಾಗಿ ನಾನು ಕನ್ನಡದಲ್ಲಿ 25ರಿಂದ 40 ಪದಕ್ಕೆ ನಿಲ್ಲಿಸುತ್ತೇನೆ.

ಪ್ರಶ್ನೆಯ ಜಾತಿ ಬದಲಾದರೆ ಉತ್ತರದ ಆರಂಭವೂ ಬದಲಾಗುತ್ತದೆ. "ಹಾಸನದಿಂದ ಒಂದೇ ದಿನದಲ್ಲಿ ಬೇಲೂರು, ಹಳೇಬೀಡು ನೋಡಬಹುದಾ?" ಅಂತ ಇದ್ದರೆ ಮೊದಲ ಪದವೇ "ಹೌದು" ಆಗಲಿ: "ಹೌದು, ಹಾಸನದಿಂದ ಒಂದೇ ದಿನದಲ್ಲಿ ಬೇಲೂರು, ಹಳೇಬೀಡು ಎರಡನ್ನೂ ನೋಡಬಹುದು. ಹಾಸನದಿಂದ ಬೇಲೂರಿಗೆ ಸುಮಾರು 40 ಕಿಲೋಮೀಟರ್, ಬೇಲೂರಿನಿಂದ ಹಳೇಬೀಡಿಗೆ ಸುಮಾರು 16 ಕಿಲೋಮೀಟರ್." "ಹೇಗೆ" ಅನ್ನುವ ಪ್ರಶ್ನೆಗೆ ಹಂತಗಳಿದ್ದರೆ ಅಂಕಿ ಹಾಕಿದ ಪಟ್ಟಿ ಮಾಡಿ.

4. ವಿವರವನ್ನು ಉತ್ತರದ ಕೆಳಗೆ ಇಡಿ

ಚಿಕ್ಕ ಉತ್ತರ ಓದಿದವರು ನಿಮ್ಮ ಪುಟಕ್ಕೆ ಬರದೇ ಹೋಗಬಹುದು. ಇದು ನಿಜವಾದ ನಷ್ಟ, ಮುಚ್ಚಿಡುವುದಿಲ್ಲ. ಅದಕ್ಕೆ ಉತ್ತರವನ್ನು ಅರ್ಧಕ್ಕೆ ನಿಲ್ಲಿಸಿ "ಮುಂದೆ ಓದಿ" ಅನ್ನುವುದು ಪರಿಹಾರವಲ್ಲ. ಅರ್ಧ ಉತ್ತರವನ್ನು ಎತ್ತಿಕೊಳ್ಳಲು ಗೂಗಲ್‌ಗೆ ಕಾರಣವೇ ಇಲ್ಲ. ಉತ್ತರ ಪೂರ್ತಿ ಕೊಡಿ. ಅದನ್ನು ಕೇಳಿದ ಮೇಲೆ ತಾನಾಗಿ ಹುಟ್ಟುವ ಪ್ರಶ್ನೆಗಳನ್ನು ಕೆಳಗಿನ ಎರಡು ಮೂರು ಪ್ಯಾರಾದಲ್ಲಿ ಇಡಿ. ನೀರು ಯಾಕೆ ಏರುತ್ತದೆ, ಜೂನ್ ಮತ್ತು ನವೆಂಬರ್‌ನಲ್ಲಿ ಹೊರಡುವ ಮೊದಲು ಏನು ವಿಚಾರಿಸಬೇಕು, ನೀರು ಇಳಿದ ಮೇಲೆ ಕೆಸರಿನಲ್ಲಿ ಕಾರು ಎಲ್ಲಿ ನಿಲ್ಲಿಸಬೇಕು. ಊರಿನಲ್ಲೇ ಇರುವವರು ಮಾತ್ರ ಬರೆಯಬಹುದಾದ ವಿಷಯ ಇದು. ಲಿಂಕ್ ಒತ್ತಿ ಬರುವವರು ಬರುವುದು ಇದಕ್ಕೇ.

ಹೋಂಸ್ಟೇ ಹೆಸರು, ಫೋನ್ ನಂಬರ್ ಅನ್ನು ಚಿಕ್ಕ ಉತ್ತರದೊಳಗೆ ಸೇರಿಸಬೇಡಿ. ಅವುಗಳ ಜಾಗ ವಿವರದ ಕೊನೆ.

5. ಪುಟದಲ್ಲಿ ಸರಿಯಾಗಿ ಕೂರಿಸಿ

ಪ್ರಶ್ನೆ, ಇದು ತಲೆಬರಹ ಅಂತ ಗೂಗಲ್‌ಗೆ ತಿಳಿಸುವ ಕೋಡ್ ಗುರುತಿನಲ್ಲಿ, ಅಂದರೆ ನಿಜವಾದ ತಲೆಬರಹದ ಟ್ಯಾಗ್‌ನಲ್ಲಿರಬೇಕು. ಅಕ್ಷರ ದಪ್ಪ ಮಾಡಿದರೆ ಕಣ್ಣಿಗೆ ತಲೆಬರಹದ ಹಾಗೆ ಕಾಣುತ್ತದೆ ಅಷ್ಟೇ. ಉತ್ತರ ಅದರ ಕೆಳಗಿನ ಮೊದಲ ಪ್ಯಾರಾ:

```html
<h2>ಹಾಸನದ ಶೆಟ್ಟಿಹಳ್ಳಿ ಚರ್ಚ್ ಯಾವ ತಿಂಗಳಲ್ಲಿ ಮುಳುಗಿರುತ್ತದೆ?</h2>
<p>ಹಾಸನದ ಶೆಟ್ಟಿಹಳ್ಳಿ ಚರ್ಚ್ ಸಾಮಾನ್ಯವಾಗಿ ಜುಲೈನಿಂದ…</p>
```

ನಮ್ಮ ಕಡೆ ಜಾಸ್ತಿ ಕಾಣುವ ತಪ್ಪು ಬೇರೆಯೇ ಇದೆ. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ದನ್ನು ತಂದು ಪುಟಕ್ಕೆ ಅಂಟಿಸುವುದು. ಯೂನಿಕೋಡ್ ಅಂದರೆ ಎಲ್ಲ ಫೋನ್, ಕಂಪ್ಯೂಟರ್‌ಗಳಲ್ಲೂ ಕನ್ನಡವಾಗಿಯೇ ಉಳಿಯುವ ಬರಹ. ಯೂನಿಕೋಡ್ ಅಲ್ಲದ ಬರಹದಲ್ಲಿ "ಕನ್ನಡ" ಅನ್ನುವ ಪದ ಒಳಗೆ `PÀ£ÀßqÀ` ಅಂತ ಇರುತ್ತದೆ. ಗೂಗಲ್ ಓದುವುದು ಅದನ್ನೇ. ಪರೀಕ್ಷೆ ಸುಲಭ: ಪುಟದಿಂದ ಒಂದು ಸಾಲು ನಕಲು ಮಾಡಿ ವಾಟ್ಸಾಪ್‌ನಲ್ಲಿ ಅಂಟಿಸಿ. ಕನ್ನಡ ಕಾಣಿಸಿದರೆ ಸರಿ. ವಿಚಿತ್ರ ಅಕ್ಷರ ಬಂದರೆ ಯೂನಿಕೋಡ್‌ಗೆ ಪರಿವರ್ತಿಸಿ. ಪ್ರಶ್ನೋತ್ತರವನ್ನು ಪೋಸ್ಟರ್ ಚಿತ್ರ ಮಾಡಿ ಹಾಕುವುದೂ ಇಷ್ಟೇ ವ್ಯರ್ಥ. ಗೂಗಲ್ ಎತ್ತಿಕೊಳ್ಳುವುದು ಪುಟದಲ್ಲಿ ಅಕ್ಷರವಾಗಿ ಇರುವ ಉತ್ತರವನ್ನು.

ಎಫ್‌ಎಕ್ಯೂ ಸ್ಕೀಮಾ ಹಾಕಿಸಿ ಅಂತ ಯಾರಾದರೂ ಹೇಳಬಹುದು. ಅದು "ಇಲ್ಲಿ ಪ್ರಶ್ನೆ ಇದೆ, ಇಲ್ಲಿ ಉತ್ತರ ಇದೆ" ಅಂತ ಯಂತ್ರಕ್ಕೆ ತಿಳಿಸುವ ಕೋಡ್. ಅದರಿಂದ ಬರುತ್ತಿದ್ದ ವಿಶೇಷ ಫಲಿತಾಂಶವನ್ನು ಗೂಗಲ್ 2023ರ ಆಗಸ್ಟ್‌ನಲ್ಲಿ ಹೆಸರಾಂತ ಸರ್ಕಾರಿ ಮತ್ತು ಆರೋಗ್ಯ ಪುಟಗಳಿಗೆ ಸೀಮಿತ ಮಾಡಿತು. ಪೀಪಲ್ ಆಲ್ಸೋ ಆಸ್ಕ್ ಪೆಟ್ಟಿಗೆಗೆ ಆ ಕೋಡ್ ಬೇಕಾಗಿಲ್ಲ. ಅದಕ್ಕಾಗಿ ಹಣ ಖರ್ಚು ಮಾಡಬೇಡಿ.

ಇನ್ನೊಂದನ್ನು ಮಾತ್ರ ನೋಡಿ. ಪುಟದ ಮೂಲ ಕೋಡ್ ತೆರೆದು `nosnippet` ಅಂತ ಹುಡುಕಿ. ಇದ್ದರೆ "ನನ್ನ ಪುಟದಿಂದ ಸಾಲು ಎತ್ತಬೇಡ" ಅಂತ ನೀವೇ ಗೂಗಲ್‌ಗೆ ಹೇಳಿದ ಹಾಗೆ. ಪುಟ ಮಾಡಿಕೊಟ್ಟವರಿಗೆ ಹೇಳಿ ತೆಗೆಸಿ.

6. ಕಿವಿಯಿಂದ ಕೇಳಿ

ಫೋನ್‌ನಲ್ಲಿ ಪುಟ ತೆರೆದು, ಅಕ್ಷರವನ್ನು ಓದಿ ಹೇಳುವ ಸೌಲಭ್ಯವನ್ನು ಕನ್ನಡ ಧ್ವನಿಯಲ್ಲಿ ಹಾಕಿ ಉತ್ತರವನ್ನು ಕೇಳಿ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಅದು ಸಿಗುತ್ತದೆ. ಕಣ್ಣಿಗೆ ಕಾಣದ ತಪ್ಪು ಕಿವಿಗೆ ಬೀಳುವುದು ಇಲ್ಲಿ. "ಕಿ.ಮೀ." ಅನ್ನುವುದು ಎರಡು ತುಂಡಾಗಿ ಕೇಳಿಸಬಹುದು. "10–12" ನಡುವಿನ ಗೆರೆ ಮಾಯವಾಗಿ "ಹತ್ತು ಹನ್ನೆರಡು" ಆಗಬಹುದು. "7.30" ಸಮಯವೋ ದಶಾಂಶವೋ ತಿಳಿಯದಿರಬಹುದು. ಹಾಗಾಗಿ "ಕಿಲೋಮೀಟರ್", "10ರಿಂದ 12", "ಬೆಳಿಗ್ಗೆ ಏಳೂವರೆ" ಅಂತಲೇ ಬರೆಯಿರಿ. ಪೂರ್ತಿ ಉತ್ತರ ಓದಲು 20 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಇನ್ನೂ ಕತ್ತರಿಸಿ.

ಇನ್ನೊಬ್ಬರ ಕಿವಿಯನ್ನೂ ಬಳಸಿಕೊಳ್ಳಿ. ಪುಟ ನೋಡದ ಒಬ್ಬರಿಗೆ ಉತ್ತರವನ್ನು ಮಾತ್ರ ಓದಿ ಹೇಳಿ. ಅವರು "ಯಾವ ಚರ್ಚು?" ಅಂತ ಕೇಳಿದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ.

7. ನಾಲ್ಕರಿಂದ ಆರು ವಾರ ಬಿಟ್ಟು ನೋಡಿ

ಪುಟ ಹಾಕಿದ ದಿನ ಸರ್ಚ್ ಕನ್ಸೋಲ್‌ನಲ್ಲಿ ಅದರ ವಿಳಾಸ ಕೊಟ್ಟು, ಗೂಗಲ್ ಪಟ್ಟಿಗೆ ಸೇರಿಸಲು ಕೋರಿಕೆ ಹಾಕಿ. ಆಮೇಲೆ ದಿನಾ ನೋಡುತ್ತಾ ಕೂರಬೇಡಿ. ಪೆಟ್ಟಿಗೆ ಇವತ್ತು ಇರುತ್ತದೆ, ನಾಳೆ ಇರುವುದಿಲ್ಲ, ನಾಡಿದ್ದು ಬೇರೆ ಪುಟದ ಉತ್ತರ ತೋರಿಸುತ್ತದೆ.

ಸರ್ಚ್ ಕನ್ಸೋಲ್ ಈ ಪೆಟ್ಟಿಗೆಗೆ ಬೇರೆ ಲೆಕ್ಕ ಕೊಡುವುದಿಲ್ಲ. ಯಾರಾದರೂ ಪ್ರಶ್ನೆ ಒತ್ತಿ ಬಿಚ್ಚಿದಾಗ ಮಾತ್ರ ನಿಮ್ಮ ಪುಟ ಕಾಣಿಸಿತು ಅಂತ ಎಣಿಕೆಯಾಗುತ್ತದೆ. ಆದ್ದರಿಂದ ಫೋನ್‌ನಲ್ಲಿ ಇನ್‌ಕಾಗ್ನಿಟೋ ಕಿಟಕಿ ತೆರೆದು ಕೈಯಾರೆ ಹುಡುಕುವುದೇ ದಾರಿ. ಸಿಗುವ ಫಲಿತಾಂಶ ಮೂರು ಥರ ಇರಬಹುದು. ಪುಟವೇ ಎಲ್ಲೂ ಕಾಣದಿದ್ದರೆ ಬರವಣಿಗೆ ತಿದ್ದಿ ಪ್ರಯೋಜನವಿಲ್ಲ, ಮೊದಲು ಪುಟ ಗೂಗಲ್ ಪಟ್ಟಿಗೆ ಸೇರಿದೆಯಾ ನೋಡಿ. ಪುಟ ಪಟ್ಟಿಯಲ್ಲಿದ್ದು ಪೆಟ್ಟಿಗೆಯಲ್ಲಿ ಬೇರೆಯವರ ಉತ್ತರ ಇದ್ದರೆ ಅದನ್ನು ನಿಮ್ಮ ಉತ್ತರದ ಪಕ್ಕದಲ್ಲಿಟ್ಟು ಓದಿ. ಅವರು ಮೊದಲ ವಾಕ್ಯದಲ್ಲೇ ಹೇಳಿದ್ದನ್ನು ನೀವು ಎರಡನೆಯದರಲ್ಲಿ ಹೇಳಿದ್ದೀರಾ ಅಂತ ನೋಡಿ. ಮೂರನೆಯದು ಸ್ವಲ್ಪ ವಿಚಿತ್ರ: ನಿಮ್ಮ ಪುಟದಿಂದಲೇ ಎತ್ತಿರುತ್ತದೆ, ಆದರೆ ಕೆಳಗಿನ ವಿವರದ ಯಾವುದೋ ಸಾಲು. ಆ ಸಾಲು ನಿಮ್ಮ ಉತ್ತರಕ್ಕಿಂತ ನೇರವಾಗಿದೆ ಅಂತ ಅರ್ಥ. ಅದನ್ನೇ ತಂದು ಉತ್ತರದ ಮೊದಲ ವಾಕ್ಯ ಮಾಡಿ.

ಮುಂದಿನ ಮಳೆಗಾಲಕ್ಕೆ ಮುಂಚೆ, ಮೇ ಕೊನೆಯ ವಾರದಲ್ಲಿ, ಪುಟವನ್ನು ಮತ್ತೊಮ್ಮೆ ತೆರೆಯಿರಿ. ಕಳೆದ ವರ್ಷ ನೀರು ಯಾವ ತಿಂಗಳು ಏರಿತು, ಯಾವ ತಿಂಗಳು ಇಳಿಯಿತು ಅಂತ ವಿವರದಲ್ಲಿ ಒಂದು ಸಾಲು ಸೇರಿಸಿ, ವರ್ಷವನ್ನು ಅಂಕಿಯಲ್ಲಿ ಬರೆಯಿರಿ.